ಬಜೆಟ್ ನೋಡಿ ಬಾಡಿಗೆ ಹಂಚಬೇಡಿ

"ಯಾವ ಯೋಜನೆಯ ಬಜೆಟ್ ದೊಡ್ಡದೋ ಅದಕ್ಕೆ ಬಾಡಿಗೆಯ ಪಾಲೂ ಜಾಸ್ತಿ ಹಾಕಿ."

ಸ್ವಯಂಸೇವಾ ಸಂಸ್ಥೆಯ ಆಫೀಸ್ ಬಾಡಿಗೆಯನ್ನು ಯೋಜನೆಗಳಿಗೆ ಹಂಚುವಾಗ ಕೇಳಿಬರುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಸ್ವಯಂಸೇವಾ ಸಂಸ್ಥೆಯ ಆಫೀಸಿಗೆ ತಿಂಗಳ ಬಾಡಿಗೆ 40,000, ಕೂರುವವರು 10 ಜನ ಅಂದುಕೊಳ್ಳಿ. ಆರೋಗ್ಯ ಯೋಜನೆಯ ಬಜೆಟ್ ಒಟ್ಟು ಬಜೆಟ್‌ನ 60%, ಆದರೆ ಅದರಲ್ಲಿ ಹೆಚ್ಚಿನದು ಔಷಧಿ ಖರೀದಿಗೇ ಹೋಗುತ್ತದೆ, ಆಫೀಸಿನಲ್ಲಿ ಕೂರುವವರು ಇಬ್ಬರೇ. ಬಜೆಟ್ ಲೆಕ್ಕದಲ್ಲಿ ಅದಕ್ಕೆ 24,000, ಕೂರುವವರ ಕುರ್ಚಿ ಲೆಕ್ಕದಲ್ಲಿ 8,000. ಹೆಚ್ಚಾದ 16,000 ಆ ಯೋಜನೆಗೆ ಹಣ ಕೊಡುವ ದಾನಿ ಯಾಕೆ ಕೊಡಬೇಕು? ಕರೆಂಟ್ ಬಿಲ್ಲಿಗೂ ಈ ಕುರ್ಚಿ ಲೆಕ್ಕವೇ ಸಾಕು. ಅಕೌಂಟೆಂಟ್ ಸಂಬಳ ಮಾತ್ರ ಬೇರೆ, ಔಷಧಿ ಬಿಲ್ಲುಗಳಿಗೇ ಅವರ ಸಮಯ ಜಾಸ್ತಿ ಹೋಗಬಹುದು ಅಲ್ವಾ, ಅದನ್ನು ಟೈಮ್‌ಶೀಟ್ ನೋಡಿಯೇ ಹಂಚಬೇಕು. ವರ್ಷದ ಶುರುವಿನಲ್ಲೇ ಸೂತ್ರ ಬರೆದು ಆಡಳಿತ ಮಂಡಳಿಯ ಒಪ್ಪಿಗೆ ಪಡೆಯಿರಿ, ಪ್ರತಿ ತಿಂಗಳ ಲೆಕ್ಕದ ಹಾಳೆಯನ್ನು ವೋಚರ್‌ಗೆ ಲಗತ್ತಿಸಿ. ಒಂದು ಯೋಜನೆ ಮುಗಿದರೆ ಖಾಲಿ ಕುರ್ಚಿಗಳ ಬಾಡಿಗೆಯನ್ನು ಸುಮ್ನೆ ಉಳಿದ ಯೋಜನೆಗಳ ಮೇಲೆ ಹೊರಿಸಬಾರದು, ಅದನ್ನು ಸಂಸ್ಥೆ ತನ್ನ ಸ್ವಂತ ನಿಧಿಯಿಂದ ಕಟ್ಟಬೇಕು.