ಅಗ್ನಿಶಾಮಕ ಠಾಣೆಗೆ 24 ಗಂಟೆಯ ಡ್ಯೂಟಿ ಸರಿಯೇ?

ಪರ

ಕಾರ್ಕಳ, ಬೆಳ್ತಂಗಡಿ ಕಡೆಯಿಂದ ಮಂಗಳೂರಿಗೆ ಡ್ಯೂಟಿಗೆ ಬರುವವರಿಗೆ ರಾತ್ರಿ ಹತ್ತಕ್ಕೆ ಪಾಳಿ ಮುಗಿದರೆ ಏನು ಪ್ರಯೋಜನ? ಊರಿನ ಬಸ್ಸು ಹೋಗಿ ಆಗಿರುತ್ತದೆ. ಎಂಟೆಂಟು ಗಂಟೆಯ ಮೂರು ಪಾಳಿಗಿಂತ 24 ಗಂಟೆ ಠಾಣೆಯಲ್ಲಿ, 48 ಗಂಟೆ ಮನೆಯಲ್ಲಿ ಇರುವುದೇ ಲೇಸು. ಚಾರ್ಜ್ ಕೊಡುವುದೂ ದಿನಕ್ಕೆ ಒಂದೇ ಸಲ. ಬೆಳಿಗ್ಗೆ ಎಂಟಕ್ಕೆ ಪಂಪ್ ಓಡಿಸಿ ನೋಡಿ, ಉಸಿರಾಟದ ಸಿಲಿಂಡರಿನ ಮುಳ್ಳು ನೋಡಿ, ಹೋಸ್ ಎಣಿಸಿದರೆ ಮರುದಿನದವರೆಗೆ ಅದೇ ತಂಡ ಜವಾಬ್ದಾರಿ.

ಪಟ್ಟಿ ಹಾಕುವುದು ಸುಲಭ, ತಪ್ಪುವುದೂ ಸುಲಭ. ಎ, ಬಿ, ಸಿ ತಂಡಗಳು ಸರದಿಯಂತೆ ಬಂದರೆ 30 ದಿನದ ತಿಂಗಳಲ್ಲಿ ತಲಾ 10 ಡ್ಯೂಟಿ. ಆದರೆ 31 ದಿನದ ತಿಂಗಳಲ್ಲಿ 1ನೇ ತಾರೀಕಿಗೆ ಬಂದ ಎ ತಂಡವೇ 31ಕ್ಕೂ ಬರುತ್ತದೆ. ಮುಂದಿನ ತಿಂಗಳನ್ನು ಮತ್ತೆ ‘ಎ’ಯಿಂದ ಶುರು ಮಾಡಿದಿರೋ, ಅವರಿಗೆ 48 ಗಂಟೆ ಸತತ ದುಡಿಮೆ. ಹಾಗಾಗಿ ತಿಂಗಳು ಬದಲಾದರೂ ಸರದಿ ಮುಂದುವರಿಯಲಿ, 1ಕ್ಕೆ ಬಿ ಬರಲಿ.

10 ಡ್ಯೂಟಿ ಎಂದರೆ 240 ಗಂಟೆ, ವಾರಕ್ಕೆ 56. ಇದು ಹೆಚ್ಚೇ. ಅದಕ್ಕೇ ತಿಂಗಳಿಗೊಂದು ಡ್ಯೂಟಿ ಬಿಡುವು ಕೊಡಬೇಕು. ತಂಡಕ್ಕೆ ಆರು ಜನರಂತೆ 18 ಮಂದಿ ಇದ್ದರೆ 18 ಖಾಲಿ ಜಾಗ. ತಲಾ 9 ಡ್ಯೂಟಿ ಮಾಡುವ ಇಬ್ಬರು ಬದಲಿಗಳಿದ್ದರೆ ಅದು ತುಂಬುತ್ತದೆ. ಒಂದೇ ದಿನ ಒಂದೇ ತಂಡದ ಇಬ್ಬರಿಗೆ ಬಿಡುವು ಕೊಡದಿದ್ದರೆ ಸಾಕು.

ವಿರೋಧ

ಆ ಇಬ್ಬರು ಬದಲಿಗಳಲ್ಲಿ ಒಬ್ಬರು ಜ್ವರ ಬಂದು ಮಲಗಿದರೆ? ಬೆಳಿಗ್ಗೆ ಎಂಟಕ್ಕೆ ಹೊರಡಬೇಕಾದವನನ್ನೇ ‘ಇವತ್ತೊಂದು ದಿನ ನಿಲ್ಲು ಮಾರಾಯ’ ಎನ್ನಬೇಕಾಗುತ್ತದೆ. ಪಟ್ಟಿಯಲ್ಲಿ ಅದು ಕಾಣಿಸುವುದಿಲ್ಲ, ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ನನ್ನ ಚಿಂತೆ ಇರುವುದು ಡ್ರೈವರ್ ಬಗ್ಗೆ. ಜುಲೈಯ ಒಂದು ರಾತ್ರಿ ಊಹಿಸಿ. ಹತ್ತೂವರೆಗೆ ರಸ್ತೆಗೆ ಅಡ್ಡ ಮರ, ಒಂದಕ್ಕೆ ಅಂಗಡಿಯಲ್ಲಿ ಶಾರ್ಟ್ ಸರ್ಕ್ಯೂಟ್, ಮೂರೂವರೆಗೆ ಇನ್ನೊಂದು ಮರ. ಬೆಳಿಗ್ಗೆ ಆರಕ್ಕೆ ಎದ್ದವನು ಆಗ ಇಪ್ಪತ್ತೊಂದು ಗಂಟೆ ಮೀರಿ ಎಚ್ಚರವಾಗಿದ್ದಾನೆ. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ. 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ‘ನೇಚರ್’ನಲ್ಲಿ ತೋರಿಸಿದ್ದಾರೆ. ನಮ್ಮಲ್ಲಿ ವಾಹನ ಓಡಿಸುವವರಿಗೆ ಮಿತಿ 0.03. ನೀರು ತುಂಬಿದ ಬಂಡಿಯನ್ನು ಮಳೆಯಲ್ಲಿ, ಕದ್ರಿಯ ಇಳಿಜಾರಿನಲ್ಲಿ ಆ ಸ್ಥಿತಿಯಲ್ಲಿ ಓಡಿಸಲು ಯಾರನ್ನೂ ಕಳಿಸಬಾರದು.

ಕರೆ ಕಡಿಮೆಯಿರುವ ತಿಂಗಳಲ್ಲಿ ಅವನು ರಾತ್ರಿ ಮಲಗಿರುತ್ತಾನೆ, ಒಪ್ಪುತ್ತೇನೆ. ಆದರೂ ಗಂಟೆ ಬಾರಿಸಿದ ಕೂಡಲೇ ಗಾಢ ನಿದ್ದೆಯಿಂದ ಎದ್ದವನಿಗೆ ಮಂಪರು ಹರಿಯಲು ಕಾಲು ಗಂಟೆಗೂ ಹೆಚ್ಚು ಬೇಕಾಗಬಹುದು. ಬಂಡಿ ಹೊರಡುವುದು ಅದಕ್ಕಿಂತ ಎಷ್ಟೋ ಮೊದಲು.

ಬಸ್ಸಿನ ತೊಂದರೆ ನಿಜ. ಅದಕ್ಕೆ ನಾಲ್ಕು ತಂಡ ಮಾಡಿ: ಒಂದು ಹಗಲು ಎಂಟರಿಂದ ಎಂಟು, ಮರುದಿನ ರಾತ್ರಿ ಎಂಟರಿಂದ ಎಂಟು, ಆಮೇಲೆ ಎರಡು ದಿನ ಬಿಡುವು. ವಾರಕ್ಕೆ 42 ಗಂಟೆ. ಸಂಜೆ ಎಂಟಕ್ಕೆ ಬಿಟ್ಟವರಿಗೆ ಬಸ್ಸು ಸಿಗುತ್ತದೆ. 18 ಜನ ಸಾಲರು, 24 ಬೇಕು. ಕೇಳಬೇಕಾದದ್ದು ಆ ಆರು ಹುದ್ದೆ.