ಬೆಲೆ ಅಲುಗದಿದ್ದರೆ ಎಷ್ಟು ಕ್ಯಾಂಡಲ್ ಕಾಯಬೇಕು?

ಕೊಂಡ ಮೇಲೆ ಆರು ಕ್ಯಾಂಡಲ್ ಕಳೆದರೂ ಬೆಲೆ ಅಲುಗದಿದ್ದರೆ ಮಾರಿ ಹೊರಗೆ ಬರಬೇಕು ಅನ್ನುವ ನಿಯಮದ ಬಗ್ಗೆ ಇಬ್ಬರ ಮಾತು.

ಪರ: ಎಣಿಕೆ ಮುಗಿದರೆ ಹೊರಗೆ ಬನ್ನಿ

ಕಲಬುರಗಿ ಗಂಜಿನಲ್ಲಿ ತೊಗರಿ ಹಿಡಿದು ಗೋದಾಮಿನಲ್ಲಿ ಇಟ್ಟವರನ್ನು ಕೇಳಿ. ದರ ಇಳಿಯದಿದ್ದರೂ ಬಾಡಿಗೆ, ಬಡ್ಡಿ ಓಡುತ್ತಲೇ ಇರುತ್ತವೆ. ಆಪ್ಷನ್ ಕೊಂಡವರ ಸ್ಥಿತಿಯೂ ಅದೇ.

ಎಕ್ಸ್‌ಪೈರಿ ದಿನದ ನಿಫ್ಟಿ, 15 ನಿಮಿಷಕ್ಕೊಂದು ಕ್ಯಾಂಡಲ್ ಬೀಳುವ ಚಾರ್ಟ್ ಅಂದುಕೊಳ್ಳಿ. 10:15ಕ್ಕೆ ಬೆಳಗಿನ ರೇಂಜ್ ದಾಟಿ ಒಂದು ಕ್ಯಾಂಡಲ್ ಮುಗಿಯಿತು. ಹತ್ತಿರದ ಸ್ಟ್ರೈಕಿನ ಕಾಲ್ 60 ರೂಪಾಯಿಗೆ ಕೊಂಡಿರಿ. ಸ್ಟಾಪ್ ಇಟ್ಟಿದ್ದು ನಿಫ್ಟಿಯ ಮೇಲೆ, 40 ಪಾಯಿಂಟ್ ಕೆಳಗೆ.

ಆರು ಕ್ಯಾಂಡಲ್ ಕಳೆದವು, 11:45 ಆಯಿತು. ನಿಫ್ಟಿ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಓಡಾಡಿ ನೀವು ಕೊಂಡಲ್ಲಿಗೇ ಬಂದಿದೆ. ಸ್ಟಾಪ್ ಮುಟ್ಟಿಲ್ಲ. ಆದರೆ ಕಾಲ್ 51ರ ಹತ್ತಿರ ಇದೆ. ಉಳಿದ ಸಮಯ ಕಡಿಮೆಯಾದಷ್ಟೂ ಪ್ರೀಮಿಯಂ ಕರಗುತ್ತದೆ, ಅದೇ ಥೀಟಾ. ಇನ್ನೂ ಆರು ಕ್ಯಾಂಡಲ್ ಹೀಗೇ ಕೂತರೆ 1:15ಕ್ಕೆ ಅದು 40ರ ಆಸುಪಾಸಿಗೆ ಬರುತ್ತದೆ. ಮೊದಲು 9 ಹೋಯಿತು, ಈಗ 11. ಕರಗುವ ವೇಗವೂ ಜಾಸ್ತಿಯಾಗುತ್ತಿದೆ, ನೋಡಿ.

ನಿಫ್ಟಿ ಮೇಲಿನ ಸ್ಟಾಪಿಗೆ ಈ ನಷ್ಟ ಕಾಣುವುದೇ ಇಲ್ಲ. ಅದಕ್ಕೇ ಗಡಿಯಾರದ ಸ್ಟಾಪ್ ಬೇಕು. ಬ್ರೇಕ್‌ಔಟ್ ನಿಜವಾಗಿದ್ದರೆ ಮೇಲೆ ಕೊಳ್ಳುವವರು ಬೇಗ ಬರಬೇಕಿತ್ತು. ಒಂದೂವರೆ ಗಂಟೆಯಲ್ಲಿ ಯಾರೂ ಬರಲಿಲ್ಲ ಅಂದರೆ ನೀವು ಕೊಂಡ ಕಾರಣವೇ ಉಳಿದಿಲ್ಲ.

ವಿರೋಧ: ಸ್ಟಾಪ್ ಮೇಲೆತ್ತಿ, ಮಾರಬೇಡಿ

ಆಪ್ಷನ್ ವಿಷಯದಲ್ಲಿ ಗೆಳೆಯರ ಮಾತು ಒಪ್ಪುತ್ತೇನೆ. ಆದರೆ ನಮ್ಮ ಬೀದರ್ ಕಡೆ ಸುಮಾರು ಜನ ಅದೇ ಆರು ಕ್ಯಾಂಡಲ್ ಲೆಕ್ಕವನ್ನು ಷೇರಿಗೂ ಹಚ್ಚುತ್ತಾರೆ. ಅಲ್ಲೇ ನನ್ನ ತಕರಾರು. ಷೇರಿಗೆ ಗೋದಾಮಿನ ಬಾಡಿಗೆ ಇಲ್ಲ.

ಒಂದು ಷೇರು 10:45ಕ್ಕೆ 500 ರೂಪಾಯಿಗೆ ಕೊಂಡಿರಿ, ಸ್ಟಾಪ್ 495. 12:15ರವರೆಗೆ ಅದು 499ರಿಂದ 502ರ ನಡುವೆಯೇ ಇತ್ತು. ನಿಯಮದಂತೆ 500.30ಕ್ಕೆ ಮಾರಿದಿರಿ. ಬ್ರೋಕರೇಜ್, ತೆರಿಗೆ ಕಳೆದರೆ ಆ 30 ಪೈಸೆ ಉಳಿಯುವುದು ಅನುಮಾನ. 2 ಗಂಟೆಗೆ ಷೇರು 502 ದಾಟಿ 507ಕ್ಕೆ ಹೋಯಿತು. ಈಗ ಮತ್ತೆ ಒಳಗೆ ಬರಬೇಕಾದರೆ ಮೇಲಿನ ಬೆಲೆ, ಮತ್ತೊಂದು ಸಲ ಖರ್ಚು. ಎಷ್ಟೋ ಜನ ಬರುವುದೇ ಇಲ್ಲ.

ಮಧ್ಯಾಹ್ನ ವಾಲ್ಯೂಮ್ ತಗ್ಗುವುದು ಸಾಮಾನ್ಯ. 9:30ರ ಕ್ಯಾಂಡಲನ್ನೂ 12:30ರ ಕ್ಯಾಂಡಲನ್ನೂ ಒಂದೇ ಅಂತ ಎಣಿಸುವುದು ಹೇಗೆ ಸರಿ? ಬೆಲೆ ಬ್ರೇಕ್‌ಔಟ್ ಮಟ್ಟದ ಮೇಲೆಯೇ ನಿಂತು ವಾಲ್ಯೂಮ್ ಮಾತ್ರ ಇಳಿದಿದ್ದರೆ, ಮಾರುವವರು ಒತ್ತುತ್ತಿಲ್ಲ ಎಂದೂ ಅರ್ಥ ಇರಬಹುದು.

ಆರು ಕ್ಯಾಂಡಲ್ ಆದ ಮೇಲೆ ನಾನು ಮಾಡುವುದು ಇಷ್ಟೇ. ಆ ನಿಂತ ಜಾಗದ ತಳ 499 ಅಲ್ವಾ, ಸ್ಟಾಪನ್ನು 498.50ಕ್ಕೆ ಎತ್ತುತ್ತೇನೆ. 5 ರೂಪಾಯಿಯ ರಿಸ್ಕ್ ಒಂದೂವರೆಗೆ ಇಳಿಯುತ್ತದೆ, ಷೇರು ಕೈಯಲ್ಲೇ ಇರುತ್ತದೆ. ಹೀಗೆ ಎತ್ತಿದ ಸ್ಟಾಪ್ ಕೆಲವು ಸಲ ಸುಮ್ನೆ ಮುಟ್ಟಿ ಹೋಗುತ್ತದೆ, ಅದು ನಿಜ.

ಇಷ್ಟಾದರೂ ಎಣಿಕೆಯೇ ಬೇಕು ಅನ್ನುವವರು ಮೊದಲು ತಮ್ಮ ಗೆದ್ದ ಟ್ರೇಡುಗಳ ಪಟ್ಟಿ ತೆಗೆಯಲಿ. ರಿಸ್ಕಿನಷ್ಟು ಲಾಭ ಬರಲು ಪ್ರತಿಯೊಂದೂ ಎಷ್ಟು ಕ್ಯಾಂಡಲ್ ತಗೊಂಡಿತು ನೋಡಲಿ. ಅರ್ಧದಷ್ಟು ಗೆಲುವು ಆರನೇ ಕ್ಯಾಂಡಲ್ ಆದ ಮೇಲೆ ಬಂದಿದ್ದರೆ, ಆರಕ್ಕೆ ಮಾರುವ ನಿಯಮ ಕತ್ತರಿಸುವುದು ಆ ಗೆಲುವನ್ನೇ.