ಆರು ವರ್ಷ ಬೇರೆ ಇದ್ದರೆ ಡಿವೋರ್ಸ್ ತಾನಾಗೇ ಸಿಗುತ್ತಾ?

"ಗಂಡ ಹೆಂಡತಿ ಆರು ವರ್ಷ ಬೇರೆ ಇದ್ದರೆ ಸಾಕಂತೆ, ಫ್ಯಾಮಿಲಿ ಕೋರ್ಟ್ ಡಿವೋರ್ಸ್ ಕೊಡಲೇಬೇಕಂತೆ, ಸುಪ್ರೀಂ ಕೋರ್ಟ್ ಹೇಳಿದೆ, ನಿಜಾನಾ?"

ಇಲ್ಲ. 2023ರ ಮೇ 1ರಂದು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದೇ ಬೇರೆ. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು, ಒಬ್ಬರು ಒಪ್ಪದಿದ್ದರೂ, ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟ್ ರದ್ದು ಮಾಡಬಹುದು. ಅದು ಆ ಕೋರ್ಟಿನ ವಿವೇಚನೆ, ನಮ್ಮ ಹಕ್ಕಲ್ಲ. ಇದೇ ಬೇಕು ಅಂತ ಅಲ್ಲಿಗೆ ನೇರವಾಗಿ ರಿಟ್ ಹಾಕುವಂತೆಯೂ ಇಲ್ಲ. ಆರು ವರ್ಷ ಅನ್ನೋದು ಪರಿಗಣಿಸುವ ಹಲವು ಅಂಶಗಳಲ್ಲಿ ಒಂದು, ಅಷ್ಟೇ.

ಫ್ಯಾಮಿಲಿ ಕೋರ್ಟ್ ನೋಡೋದು ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್. ಅಲ್ಲಿ ಈಗಲೂ ತಪ್ಪು ಯಾರದ್ದು ಅನ್ನೋದೇ ಮುಖ್ಯ: ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ತೊರೆದಿರುವುದು ಇತ್ಯಾದಿ. ಗಂಡನೇ ಕಾರಣವಿಲ್ಲದೆ 2016ರಲ್ಲಿ ಮನೆ ಬಿಟ್ಟು ಹೋದ ಅಂದುಕೊಳ್ಳಿ. 'ಎಂಟು ವರ್ಷ ಆಯ್ತಲ್ವಾ' ಅಂತ 2024ರಲ್ಲಿ ಅರ್ಜಿ ಹಾಕಿದರೆ, ತೊರೆದವನು ಅವನೇ ಆದ್ದರಿಂದ ಆ ಕಾರಣ ಹೆಂಡತಿಗೆ ಸಿಗುತ್ತದೆ, ಅವನಿಗಲ್ಲ. ಮುರಿದ ಮದುವೆಯನ್ನೇ ಕಾರಣವಾಗಿ ಸೇರಿಸುವ 2010ರ ಮಸೂದೆ ರಾಜ್ಯಸಭೆ ದಾಟಿತು, ಆದರೆ ಕಾನೂನಾಗಲಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ದಾರಿ ಸುಲಭ: ಒಂದು ವರ್ಷ ಬೇರೆ ಇದ್ದು 13ಬಿ ಅಡಿ ಜಂಟಿ ಅರ್ಜಿ.